ಎಂಟು ಬರೆದ್ರೆ ಹಾಜರಿ ಸಿಗಲ್ಲ

ಹೋದ ತಿಂಗಳು ಒಂದು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರಾದ್ರೂ ನಮ್ಮ ಎಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬಿನ ಕಡೆ ಬಂದಿದ್ರೆ, ಅಲ್ಲೇನೋ ಪೂಜೆ ನಡೀತಿದೆ ಅಂದ್ಕೊಳ್ತಿದ್ರು. ಕಾರಿಡಾರಿನಲ್ಲಿ ನಾಲ್ಕು ಜನ ಸಾಲಾಗಿ ನಿಂತು, ಫೋನನ್ನ ಮುಖದ ಮುಂದೆ ಹಿಡ್ಕೊಂಡು, ಆರತಿ ಎತ್ತೋ ಹಾಗೆ ಗಾಳಿಯಲ್ಲಿ ಇಂಗ್ಲಿಷ್ ಎಂಟು ಬರೀತಿದ್ರು. ಪಕ್ಕದಲ್ಲಿ ನಮ್ಮ ಸಿಆರ್ ನಿಂತು "ಇನ್ನೊಂದ್ಸಲ ಮಾಡ್ರೋ, ಸರಿಯಾಗಿ ಕ್ಯಾಲಿಬ್ರೇಟ್ ಆಗಿಲ್ಲ" ಅಂತ ಮಂತ್ರ ಹೇಳಿಕೊಡ್ತಿದ್ದ. ಆ ನಾಲ್ವರಲ್ಲಿ ನಾನೂ ಒಬ್ಬ.

ವಿಷಯ ಇಷ್ಟೇ. ಈ ಸೆಮಿಸ್ಟರಿನಿಂದ ನಮ್ಮ ಡಿಪಾರ್ಟ್‌ಮೆಂಟಲ್ಲಿ ಹಾಜರಿಯನ್ನ ಒಂದು ಆ್ಯಪಿನಲ್ಲಿ ಹಾಕಬೇಕು. ಕ್ಲಾಸ್ ಶುರುವಾದಾಗ ಆ್ಯಪ್ ತೆಗೆದು ಬಟನ್ ಒತ್ತಿದ್ರೆ, ಅದು ಫೋನಿನ ಲೊಕೇಶನ್ ನೋಡುತ್ತೆ. ಬ್ಲಾಕಿನ ಮಧ್ಯಬಿಂದುವಿನಿಂದ 60 ಮೀಟರ್ ಒಳಗೆ ಇದ್ರೆ ಪ್ರೆಸೆಂಟ್, ಇಲ್ಲದಿದ್ರೆ ಆಬ್ಸೆಂಟ್. ಆ ದಿನ ಇಪ್ಪತ್ತು ಜನರ ಬ್ಯಾಚಿನಲ್ಲಿ ನಾಲ್ಕು ಜನಕ್ಕೆ ಅದು "ನೀವು ಹೊರಗಿದ್ದೀರಿ" ಅಂತು. ನಾವು ಲ್ಯಾಬಿನ ಒಳಗೇ ಇದ್ವಿ, ಮೋಟಾರಿಗೆ ಕನೆಕ್ಷನ್ ಕೊಡ್ತಾ ಇದ್ವಿ. ನನ್ನ ಸ್ಕ್ರೀನಿನಲ್ಲಿ ಬಂದಿದ್ದು 71 ಮೀಟರ್ ದೂರ ಅಂತ. ನನ್ನ ರೂಮ್‌ಮೇಟಿಗೆ ಬಂದಿದ್ದು 700 ಮೀಟರ್!

ಎಂಟು ಬರೆದ ಮೇಲೆ ಮೂರು ಜನಕ್ಕೆ ಹಾಜರಿ ಬಿತ್ತು. ರೂಮ್‌ಮೇಟಿಗೆ ಬೀಳಲಿಲ್ಲ. ಮೇಡಂ ಹತ್ರ ಹೋದ್ರೆ, "ಆ್ಯಪಲ್ಲಿ ಬಂದಿದ್ದೇ ಲೆಕ್ಕ, ನಾನೇನ್ ಮಾಡ್ಲಿ" ಅಂದ್ರು. ನಗೋ ವಿಷಯ ಅನ್ಸಬಹುದು. ಆದ್ರೆ ಲೆಕ್ಕ ಹಾಕಿ ನೋಡಿ. ವಾರಕ್ಕೊಂದರಂತೆ ಸೆಮಿಸ್ಟರಿಗೆ 12 ಲ್ಯಾಬ್ ಸಿಕ್ರೆ ಹೆಚ್ಚು. ಅದರಲ್ಲಿ ಎರಡು ಸಲ ಹೀಗೆ ಸುಳ್ಳು ಆಬ್ಸೆಂಟ್ ಬಿದ್ರೆ 10/12, ಅಂದ್ರೆ 83 ಪರ್ಸೆಂಟ್ ಚಿಲ್ಲರೆ. ನಮಗೆ ಬೇಕಾಗಿರೋದು 85. ಒಂದು ದಿನವೂ ತಪ್ಪಿಸದೆ ಬಂದವನು ಪರೀಕ್ಷೆಗೆ ಕೂರೋಕೆ ಕಾಂಡೋನೇಶನ್ ಅರ್ಜಿ ಬರೀಬೇಕಾಗುತ್ತೆ.

ಹಾಗಾಗಿ ನಾವು ಮೂವರು ಎರಡು ಗುರುವಾರ ಕೂತು, ಆ ದಿನ ನಿಜವಾಗಿ ಏನಾಯ್ತು ಅಂತ ಹುಡುಕಿದ್ವಿ. ನನ್ನ ವಾದ ಮೊದಲೇ ಹೇಳಿಬಿಡ್ತೀನಿ. "ಜಿಪಿಎಸ್ ಸರಿಯಿಲ್ಲ" ಅಂತ ನಾವು ಒಂದೇ ಹೆಸರಿನಲ್ಲಿ ಕರೆಯೋದು ಮೂರು ಬೇರೆ ಬೇರೆ ತೊಂದರೆಗಳನ್ನ. ಬಾಣ ತಪ್ಪು ದಿಕ್ಕಿಗೆ ತಿರುಗೋದು ಒಂದು. ಚುಕ್ಕಿ ಅಲ್ಲಿ ಇಲ್ಲಿ ಜಾರೋದು ಇನ್ನೊಂದು. ಚುಕ್ಕಿ ಹಳೇ ಜಾಗದಲ್ಲೇ ಅಂಟಿಕೊಂಡಿರೋದು ಮೂರನೇದು. ಎಂಟು ಬರೆಯೋದು ಮೊದಲನೇದಕ್ಕೆ ಮಾತ್ರ ಔಷಧಿ. ನಮ್ಮ ಹಾಜರಿ ಹೋಗಿದ್ದು ಎರಡನೇದು ಮತ್ತು ಮೂರನೇದರಿಂದ. ಇವೆರಡೂ ಫೋನಿನ ದೋಷ ಅಲ್ಲ, ವಿದ್ಯಾರ್ಥಿಯ ದೋಷವಂತೂ ಅಲ್ಲವೇ ಅಲ್ಲ. ಲೊಕೇಶನ್ ಅನ್ನೋ ಅಳತೆಯನ್ನ ಅದರ ಎರರ್ ಮತ್ತು ಸಮಯ ನೋಡದೆ ಬಳಸಿದ್ದರ ದೋಷ.

ಮೊದಲು ಈ ಎಂಟಿನ ವಿಷಯ ಮುಗಿಸೋಣ.

ಫೋನಿನೊಳಗೆ ಮ್ಯಾಗ್ನೆಟೋಮೀಟರ್ ಅಂತ ಒಂದು ಪುಟ್ಟ ಸೆನ್ಸರ್ ಇದೆ. ಭೂಮಿಯ ಕಾಂತಕ್ಷೇತ್ರವನ್ನ ಅಳೆದು ಉತ್ತರ ಎಲ್ಲಿ ಅಂತ ಹೇಳೋದು ಅದರ ಕೆಲಸ. ನಮ್ಮ ಕಡೆ ಆ ಕ್ಷೇತ್ರದ ಬಲ ಸುಮಾರು 40 ಮೈಕ್ರೋಟೆಸ್ಲಾ, ಅಂದ್ರೆ ತುಂಬಾ ಕಡಿಮೆ. ಫೋನಿನ ಸ್ಪೀಕರಿನಲ್ಲೇ ಒಂದು ಮ್ಯಾಗ್ನೆಟ್ ಇದೆ, ಕೆಲವರ ಫ್ಲಿಪ್ ಕವರಿನಲ್ಲಿ ಇನ್ನೊಂದಿರುತ್ತೆ. ಇವೆಲ್ಲ ಸೇರಿ ಭೂಮಿಯ ಕ್ಷೇತ್ರದ ಜೊತೆ ಬೆರೆಯುತ್ತವೆ. ಇದನ್ನ ಬೇರ್ಪಡಿಸೋಕೆ ಒಂದು ಉಪಾಯ ಇದೆ. ಫೋನನ್ನ ಎಲ್ಲಾ ದಿಕ್ಕಿಗೂ ತಿರುಗಿಸಿದ್ರೆ, ಫೋನಿನ ಒಳಗಿನ ಮ್ಯಾಗ್ನೆಟ್ ಫೋನಿನ ಜೊತೆಯೇ ತಿರುಗುತ್ತೆ, ಆದ್ದರಿಂದ ಅದರ ಪಾಲು ಸೆನ್ಸರಿಗೆ ಯಾವಾಗಲೂ ಒಂದೇ ಥರ ಕಾಣುತ್ತೆ. ಭೂಮಿಯ ಪಾಲು ಮಾತ್ರ ಬದಲಾಗುತ್ತೆ. ರೀಡಿಂಗ್‌ಗಳನ್ನೆಲ್ಲ ಎಕ್ಸ್, ವೈ, ಝಡ್ ಅಂತ ಪ್ಲಾಟ್ ಮಾಡಿದ್ರೆ ಒಂದು ಗೋಳ ಬರುತ್ತೆ. ಗೋಳದ ಕೇಂದ್ರ ಸೊನ್ನೆಯಿಂದ ಎಷ್ಟು ಸರಿದಿದೆಯೋ ಅಷ್ಟನ್ನ ಕಳೆದುಬಿಟ್ರೆ ಆಯ್ತು, ಅದೇ ಕ್ಯಾಲಿಬ್ರೇಶನ್. ಎಂಟು ಬರೆಯೋದು ಯಾಕೆ ಅಂದ್ರೆ, ಕೈಯಲ್ಲಿ ಫೋನನ್ನ ಸುಲಭವಾಗಿ ಎಲ್ಲ ಕಡೆಗೂ ತಿರುಗಿಸೋಕೆ ಅದೊಂದು ಒಳ್ಳೆ ದಾರಿ, ಅಷ್ಟೇ.

ಈಗ ಗಮನಿಸಿ. ಇದರಲ್ಲಿ ಎಲ್ಲೂ ಸ್ಯಾಟಲೈಟ್ ಬರಲೇ ಇಲ್ಲ. ಮ್ಯಾಗ್ನೆಟೋಮೀಟರಿಗೆ ನೀವು ಎಲ್ಲಿದ್ದೀರಿ ಅಂತ ಗೊತ್ತಿಲ್ಲ, ಯಾವ ಕಡೆ ಮುಖ ಮಾಡಿದ್ದೀರಿ ಅಂತ ಮಾತ್ರ ಗೊತ್ತು. ಮೆಟ್ರೋ ಸ್ಟೇಷನ್ನಿಂದ ಹೊರಗೆ ಬಂದು ಎಡಕ್ಕೋ ಬಲಕ್ಕೋ ಅಂತ ಗೊತ್ತಾಗದೆ ನಿಂತಾಗ, ಮ್ಯಾಪಿನ ನೀಲಿ ಚುಕ್ಕಿಯಿಂದ ಹೊರಟ ಟಾರ್ಚ್ ಬೆಳಕಿನ ಥರದ ಬಾಣ ಅಗಲವಾಗಿ ಹರಡಿಕೊಂಡಿದ್ರೆ, ಆಗ ಎಂಟು ಬರೆಯಿರಿ, ಕೆಲಸ ಮಾಡುತ್ತೆ. ಚುಕ್ಕಿಯೇ ಪಕ್ಕದ ರಸ್ತೆಯಲ್ಲಿದ್ರೆ ಸಂಜೆ ತನಕ ಬರೆದ್ರೂ ಅದು ಜಾಗ ಬಿಟ್ಟು ಕದಲಲ್ಲ.

ಅದೂ ಅಲ್ದೆ ನಾವು ಮಾಡ್ತಿದ್ದದ್ದು ಮಷೀನ್ಸ್ ಲ್ಯಾಬಿನ ಪಕ್ಕ! ಸೆನ್ಸರ್ ರೀಡಿಂಗ್ ತೋರಿಸೋ ಆ್ಯಪ್ ಹಾಕಿ ನೋಡಿದ್ವಿ. ಗ್ರೌಂಡಿನಲ್ಲಿ 40ರ ಆಸುಪಾಸು ಇದ್ದಿದ್ದು, ಮೋಟಾರ್ ಬೆಂಚಿನ ಹತ್ರ 90 ದಾಟಿ ಕುಣೀತಿತ್ತು. ಫೋನಿನ ಒಳಗಿನ ಮ್ಯಾಗ್ನೆಟನ್ನ ಕಳೆಯಬಹುದು ಅಂದ್ನಲ್ಲ, ಅದು ಫೋನಿನ ಜೊತೆ ತಿರುಗೋದರಿಂದ. ಮೋಟಾರ್ ಫೋನಿನ ಜೊತೆ ತಿರುಗಲ್ಲ. ಅದನ್ನ ಕ್ಯಾಲಿಬ್ರೇಶನ್ ಕಳೆಯೋಕೆ ಆಗಲ್ಲ. ಬದಲಿಗೆ ಅಲ್ಲೇ ಕ್ಯಾಲಿಬ್ರೇಟ್ ಮಾಡಿದ್ರೆ ಗೋಳದ ಆಕಾರವೇ ಕೆಟ್ಟು, ಹೊರಗೆ ಹೋದ ಮೇಲೂ ಸ್ವಲ್ಪ ಹೊತ್ತು ಬಾಣ ತಪ್ಪು ತೋರಿಸಬಹುದು. ಕಬ್ಬಿಣದ ಬೆಂಚು, ಬೈಕಿನ ಟ್ಯಾಂಕು, ಲಿಫ್ಟ್ ಇವುಗಳ ಹತ್ರ ಎಂಟು ಬರೀಬೇಡಿ ಅನ್ನೋದು ಅದಕ್ಕೇ.

ಹಾಗಾದ್ರೆ ಮೂರು ಜನಕ್ಕೆ ಹಾಜರಿ ಬಿದ್ದಿದ್ದು ಹೇಗೆ? ಸಿಆರ್ ಈಗಲೂ ಇದನ್ನೇ ಕೇಳ್ತಾನೆ. ಅದನ್ನೂ ಪರೀಕ್ಷೆ ಮಾಡಿದ್ವಿ. ಮುಂದಿನ ಗುರುವಾರ ಲ್ಯಾಬಿನ ಒಳಗೇ ನಿಂತು, ನನ್ನದೇ ಫೋನಿನಲ್ಲಿ ಎರಡು ನಿಮಿಷ ಎಂಟು ಬರೆದೆ. ದೂರ ಬದಲಾಗಲಿಲ್ಲ, ಹಾಗೇ ಹೊರಗೆ ಅಂತಾನೇ ತೋರಿಸ್ತು. ಆಮೇಲೆ ಕಾರಿಡಾರಿಗೆ ಬಂದು, ಫೋನನ್ನ ಅಲ್ಲಾಡಿಸದೆ ಪ್ಯಾರಾಪೆಟ್ ಗೋಡೆ ಮೇಲೆ ಇಟ್ಟೆ. ಸುಮಾರು ಅರ್ಧ ನಿಮಿಷದಲ್ಲಿ ಹಾಜರಿ ಬಿತ್ತು. ಅಂದ್ರೆ ಕೆಲಸ ಮಾಡಿದ್ದು ಎಂಟಲ್ಲ, ಕಾರಿಡಾರ್. ಎಂಟು ಬರೆಯೋಕೆ ಜಾಗ ಬೇಕು ಅಂತ ನಾವು ಹೊರಗೆ ಬಂದಿದ್ವಿ, ಹೊರಗೆ ಆಕಾಶ ಕಾಣ್ತಿತ್ತು. ಅಜ್ಜಿ ಹರಕೆ ಹೊತ್ತ ಮೇಲೆ ಜ್ವರ ಇಳೀತು ಅಂತಾರಲ್ಲ, ಆದ್ರೆ ಮಾತ್ರೆಯನ್ನೂ ಕೊಟ್ಟಿರ್ತಾರೆ. ಹಾಗೆ.

ಆಕಾಶ ಯಾಕೆ ಅಷ್ಟು ಮುಖ್ಯ? ಜಿಪಿಎಸ್ ಸ್ಯಾಟಲೈಟ್ ಇರೋದು ಸುಮಾರು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ ನಮ್ಮ ಫೋನ್ ತಲುಪೋ ಹೊತ್ತಿಗೆ ಸಿಗ್ನಲ್ಲಿನ ಬಲ ಸುಮಾರು ಮೈನಸ್ 130 ಡಿಬಿಎಂ. ವ್ಯಾಟಿನಲ್ಲಿ ಬರೆದ್ರೆ ದಶಮಾಂಶ ಬಿಂದುವಿನ ನಂತರ ಹದಿನೈದು ಸೊನ್ನೆ ಹಾಕಿ ಆಮೇಲೆ ಒಂದು. ತೆರೆದ ಮೈದಾನದಲ್ಲಿ ಫೋನ್ ಇದನ್ನ ಹಿಡಿಯೋದೇ ಒಂದು ಸಾಹಸ. ನಡುವೆ ಒಂದೆರಡು ಕಾಂಕ್ರೀಟ್ ಸ್ಲ್ಯಾಬ್ ಬಂದ್ರೆ ಕಥೆ ಮುಗೀತು. ನಮ್ಮ ಲ್ಯಾಬ್ ಇರೋದು ಬ್ಲಾಕಿನ ಕೆಳಗಿನ ಮಹಡಿಯ ಒಂದು ತುದಿಯಲ್ಲಿ, ತಲೆ ಮೇಲೆ ಮೂರು ಸ್ಲ್ಯಾಬ್ ಇದೆ.

GPSTest ಅಂತ ಒಂದು ಆ್ಯಪ್ ಇದೆ, ಎಲ್ಲರೂ ಒಂದ್ಸಲ ಹಾಕಿ ನೋಡ್ಬೇಕು. ಯಾವ ಸ್ಯಾಟಲೈಟಿನಿಂದ ಎಷ್ಟು ಬಲವಾಗಿ ಸಿಗ್ನಲ್ ಬರ್ತಿದೆ ಅಂತ ಒಂದೊಂದಾಗಿ ತೋರಿಸುತ್ತೆ. ಲ್ಯಾಬಿನೊಳಗೆ ಐದು ಸ್ಯಾಟಲೈಟ್ ಕಂಡವು, ಎಲ್ಲದರ ಸಂಖ್ಯೆಯೂ 20ರ ಒಳಗೆ, ಲೆಕ್ಕಕ್ಕೆ ಬಳಸಿದ್ದು ಒಂದೂ ಇಲ್ಲ. ಜಾಗ ಕಂಡುಹಿಡಿಯೋಕೆ ಕನಿಷ್ಠ ನಾಲ್ಕು ಬೇಕು. ಮೂರು ನಮ್ಮ ಜಾಗಕ್ಕೆ, ಒಂದು ಫೋನಿನ ಗಡಿಯಾರದ ತಪ್ಪು ಕಳೆಯೋಕೆ. ಕಾರಿಡಾರಿಗೆ ಬಂದ ಮೇಲೆ ಒಂಬತ್ತು ಬಳಕೆಗೆ ಬಂದವು, ಸಂಖ್ಯೆ 25ರಿಂದ 35.

ಸ್ಯಾಟಲೈಟ್ ಒಂದೂ ಇಲ್ಲದಿದ್ರೆ ಲ್ಯಾಬಿನೊಳಗೆ ಆ 71 ಮೀಟರ್ ಎಲ್ಲಿಂದ ಬಂತು? ಫೋನು ಸುಮ್ನೆ ಕೂರಲ್ಲ. ಸುತ್ತ ಕಾಣೋ ವೈಫೈ ರೌಟರ್‌ಗಳು, ಮೊಬೈಲ್ ಟವರ್‌ಗಳನ್ನ ನೋಡಿ ಒಂದು ಅಂದಾಜು ಮಾಡುತ್ತೆ. ರೌಟರ್ ಜಾಸ್ತಿ ಇರೋ ಲೈಬ್ರರಿಯಲ್ಲಿ ಈ ಅಂದಾಜು ಚೆನ್ನಾಗಿರುತ್ತೆ. ರೌಟರೇ ಇಲ್ಲದ ಮಷೀನ್ಸ್ ಲ್ಯಾಬಿನಲ್ಲಿ ಕೆಟ್ಟದಾಗಿರುತ್ತೆ. ಇನ್ನು ಕಾರಿಡಾರಿನಲ್ಲೂ ಎಲ್ಲ ಸರಿ ಅಂತಲ್ಲ. ಎದುರಿನ ಬ್ಲಾಕಿನ ಗಾಜಿಗೆ ಹೊಡೆದು ತಿರುಗಿ ಬರೋ ಸಿಗ್ನಲ್ ಉದ್ದದ ದಾರಿಯಲ್ಲಿ ಬರುತ್ತೆ. ಬೆಳಕು ಒಂದು ನ್ಯಾನೋಸೆಕೆಂಡಿಗೆ ಹೋಗೋದು 30 ಸೆಂಟಿಮೀಟರ್. ಪ್ರತಿಫಲನದಿಂದ ಸಿಗ್ನಲ್ 100 ನ್ಯಾನೋಸೆಕೆಂಡ್ ತಡವಾದ್ರೆ, ಆ ಸ್ಯಾಟಲೈಟ್ 30 ಮೀಟರ್ ಹೆಚ್ಚು ದೂರ ಇದೆ ಅಂತ ಫೋನು ನಂಬಿಬಿಡುತ್ತೆ. ಎರಡು ಬ್ಲಾಕಿನ ನಡುವೆ ಸುಮ್ನೆ ನಿಂತಿದ್ರೂ ಚುಕ್ಕಿ ತಾನಾಗೇ ಜಾರುತ್ತಲ್ಲ, ಅದು ಇದೇ.

ಈಗ ನನ್ನ 71 ಮೀಟರಿಗೆ ಬರೋಣ. ಲ್ಯಾಬ್ ನಿಜವಾಗಿ ಇರೋದು ಬ್ಲಾಕಿನ ಮಧ್ಯಬಿಂದುವಿನಿಂದ 35 ಮೀಟರ್ ದೂರದಲ್ಲಿ. ಟೇಪ್ ಹಿಡಿದು ಅಳೆದಿದ್ದೀವಿ. ಆ್ಯಪ್ ಹೇಳಿದ್ದು 71. ಅಂದ್ರೆ ಚುಕ್ಕಿ ಕನಿಷ್ಠ 36 ಮೀಟರ್ ಜಾರಿತ್ತು. ಆದ್ರೆ ಫೋನು ಇದನ್ನ ಮುಚ್ಚಿಟ್ಟಿತ್ತಾ? ಇಲ್ಲ! ಅದೇ ಜಾಗದಲ್ಲಿ ಫೋನು ತನ್ನ ಆ್ಯಕ್ಯುರಸಿ 48 ಮೀಟರ್ ಅಂತ ತಾನೇ ಹೇಳ್ತಾ ಇತ್ತು. "ನಾನು ಹೇಳಿದ ಜಾಗದಿಂದ 48 ಮೀಟರ್ ಆಚೀಚೆ ಇರಬಹುದು ಮಾರಾಯ" ಅಂತ ಪ್ರಾಮಾಣಿಕವಾಗಿ ಒಪ್ಪಿಕೊಂಡಿತ್ತು. ಮ್ಯಾಪಿನಲ್ಲಿ ನೀಲಿ ಚುಕ್ಕಿಯ ಸುತ್ತ ತೆಳು ನೀಲಿ ವೃತ್ತ ಇರುತ್ತಲ್ಲ, ಅದೇ ಇದು. ನಾವೆಲ್ಲ ಚುಕ್ಕಿ ನೋಡ್ತೀವಿ, ವೃತ್ತ ನೋಡಲ್ಲ. ಆ ಹಾಜರಿ ಆ್ಯಪೂ ನೋಡಲಿಲ್ಲ.

ಇನ್ನೊಂದು ವಿಷಯ ನನಗೂ ಮೊದಲು ಗೊತ್ತಿರಲಿಲ್ಲ. ಆಂಡ್ರಾಯ್ಡ್‌ನಲ್ಲಿ ಈ ವೃತ್ತದ ಅರ್ಥ "ನೀವು ಖಂಡಿತ ಇದರೊಳಗೆ ಇದ್ದೀರಿ" ಅಂತ ಅಲ್ಲ. ಒಳಗೆ ಇರೋ ಸಾಧ್ಯತೆ 68 ಪರ್ಸೆಂಟ್ ಅಂತ. ಮೂರರಲ್ಲಿ ಒಂದು ಸಲ ನೀವು ವೃತ್ತದ ಆಚೆಗೇ ಇರ್ತೀರಿ ಅನ್ನೋದನ್ನ ಆ ಸಂಖ್ಯೆಯೇ ಒಪ್ಪಿಕೊಳ್ಳುತ್ತೆ. ಮೊದಲ ಸೆಮಿಸ್ಟರ್ ಫಿಸಿಕ್ಸ್ ಲ್ಯಾಬಿನಲ್ಲಿ ಎರರ್ ಬರೀದೆ ರೀಡಿಂಗ್ ಮಾತ್ರ ಬರೆದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ. ಅದೇ ಕಾಲೇಜಿನಲ್ಲಿ, ಎರರ್ ಇಲ್ಲದ ರೀಡಿಂಗ್ ಇಟ್ಕೊಂಡು ನಮ್ಮ ಹಾಜರಿ ಕಟ್ ಮಾಡ್ತಾರೆ.

ಇನ್ನು ರೂಮ್‌ಮೇಟಿನ ಕಥೆ. ಅವನದು ಚುಕ್ಕಿ ಜಾರಿದ್ದಲ್ಲ. 700 ಮೀಟರ್ ಅಂದ್ರೆ ಸರಿಯಾಗಿ ನಮ್ಮ ಹಾಸ್ಟೆಲ್. ಡಿಪಾರ್ಟ್‌ಮೆಂಟ್ ಆಫೀಸಿನಲ್ಲಿ ಸರ್ ಒಬ್ಬರು ಅವನ ರೆಕಾರ್ಡ್ ತೆಗೆದು ತೋರಿಸಿದ್ರು. ಆ್ಯಕ್ಯುರಸಿ 12 ಮೀಟರ್ ಅಂತ ಇತ್ತು, ನನ್ನದಕ್ಕಿಂತ ನಾಲ್ಕು ಪಟ್ಟು ಒಳ್ಳೇದು! "ನೋಡಪ್ಪಾ, ಎಷ್ಟು ಖಚಿತವಾಗಿ ಹಾಸ್ಟೆಲಲ್ಲಿ ಮಲಗಿದ್ದೀಯ" ಅಂತ ಸರ್ ನಕ್ರು. ಅದರ ಪಕ್ಕದ ಕಾಲಂ ನೋಡಿದ್ಮೇಲೆ ನಗು ನಿಲ್ತು. ಬಟನ್ ಒತ್ತಿದ ಸಮಯ 9:05. ಲೊಕೇಶನ್ ತೆಗೆದ ಸಮಯ 8:21. ಅಂದ್ರೆ 44 ನಿಮಿಷ ಹಳೇದು. 8:21ಕ್ಕೆ ಅವನು ಹಾಸ್ಟೆಲ್ಲಿನಲ್ಲೇ ಇದ್ದ, ಮೆಸ್ಸಿನಲ್ಲಿ ಇಡ್ಲಿ ತಿಂತಾ ಇದ್ದ. ಫೋನು ಸುಳ್ಳು ಹೇಳಿಲ್ಲ, ಹಳೇ ನಿಜ ಹೇಳಿದೆ.

ಹೀಗ್ಯಾಕೆ ಆಯ್ತು? ಎರಡು ಕಾರಣ ಒಟ್ಟಿಗೆ ಸೇರಿತ್ತು. ಮೊದಲನೇದು, ಆ್ಯಪ್ ಹೊಸ ಲೊಕೇಶನ್ ಕೇಳುತ್ತೆ, ಕೆಲವು ಸೆಕೆಂಡಿನಲ್ಲಿ ಸಿಗದಿದ್ರೆ ಫೋನು ಕೊನೇ ಸಲ ನೆನಪಿಟ್ಟುಕೊಂಡ ಲೊಕೇಶನ್ ತಗೊಳ್ಳುತ್ತೆ. ಆ ಕೊನೇ ಲೊಕೇಶನ್ ಈ ಆ್ಯಪಿನದೇ ಆಗಬೇಕಿಲ್ಲ, ಯಾವುದೇ ಆ್ಯಪ್ ಕೇಳಿ ಪಡೆದಿದ್ದೂ ಆಗಬಹುದು. ಎರಡನೇದು, ಅವನ ಫೋನಿನಲ್ಲಿ ಚಾರ್ಜ್ 18 ಪರ್ಸೆಂಟ್ ಇತ್ತು, ಬ್ಯಾಟರಿ ಸೇವರ್ ಆನ್ ಆಗಿತ್ತು. ಜೊತೆಗೆ ಚಾರ್ಜ್ ಉಳಿಸೋಕೆ ಅಂತ ವೈಫೈಯನ್ನೂ ವೈಫೈ ಸ್ಕ್ಯಾನಿಂಗನ್ನೂ ಆಫ್ ಮಾಡಿದ್ದ. ಹಾಗಾಗಿ ಲ್ಯಾಬಿನೊಳಗೆ ಹೊಸ ಅಂದಾಜು ಮಾಡೋಕೆ ಅವನ ಫೋನಿಗೆ ಹೆಚ್ಚೇನೂ ಉಳಿದಿರಲಿಲ್ಲ.

ಬ್ಯಾಟರಿ ಸೇವರ್ ಅಂದ್ರೆ ಬ್ರೈಟ್‌ನೆಸ್ ಕಡಿಮೆ ಮಾಡೋದು ಅಂತ ಹೆಚ್ಚಿನವರು ಅಂದ್ಕೊಂಡಿದ್ದಾರೆ. ಆಂಡ್ರಾಯ್ಡ್‌ನಲ್ಲಿ ಅದು ಲೊಕೇಶನ್ನಿಗೂ ಕೈ ಹಾಕಬಹುದು. ಸ್ಕ್ರೀನ್ ಆಫ್ ಆದ ತಕ್ಷಣ ಜಿಪಿಎಸ್ ಮಾತ್ರ ನಿಲ್ಲಿಸೋದು, ಸ್ಕ್ರೀನ್ ಆಫ್ ಆದಾಗ ಎಲ್ಲಾ ಬಗೆಯ ಲೊಕೇಶನ್ನೂ ನಿಲ್ಲಿಸೋದು, ಕಣ್ಣೆದುರು ತೆರೆದಿರೋ ಆ್ಯಪಿಗೆ ಮಾತ್ರ ಕೊಡೋದು, ಹೀಗೆ ಕೆಲವು ಬಗೆ ಇದೆ. ನಿಮ್ಮ ಫೋನಿನಲ್ಲಿ ಯಾವುದು ಅನ್ನೋದನ್ನ ಸೆಟ್ಟಿಂಗ್ಸಿನಲ್ಲಿ ಸಾಮಾನ್ಯವಾಗಿ ಬಿಡಿಸಿ ಹೇಳಿರಲ್ಲ. ಸೇವರ್ ಆಫ್ ಇದ್ರೂ ಒಂದು ಮಿತಿ ಇದ್ದೇ ಇದೆ. ಆಂಡ್ರಾಯ್ಡ್ 8ರಿಂದ ಈಚೆಗೆ ಹಿನ್ನೆಲೆಯಲ್ಲಿ ಓಡೋ ಆ್ಯಪಿಗೆ ಗಂಟೆಗೆ ಕೆಲವೇ ಸಲ ಮಾತ್ರ ಹೊಸ ಲೊಕೇಶನ್ ಸಿಗುತ್ತೆ. ನೋಟಿಫಿಕೇಶನ್ ತೋರಿಸ್ಕೊಂಡು ಓಡೋ ಮ್ಯಾಪ್ ನ್ಯಾವಿಗೇಶನ್ ಥರದವಕ್ಕೆ ಮಾತ್ರ ಇದರಿಂದ ವಿನಾಯಿತಿ.

ಹಾಗಾಗಿ ಹಾಸ್ಟೆಲಿನಿಂದ ಲ್ಯಾಬ್ ತನಕ ಅವನು ಫೋನನ್ನ ಜೇಬಿನಲ್ಲಿಟ್ಟು ನಡೆದು ಬಂದ ಅಷ್ಟೂ ಹೊತ್ತು, ಆ ಫೋನಿನಲ್ಲಿ ಯಾರೂ ಹೊಸ ಲೊಕೇಶನ್ ಪಡೀಲಿಲ್ಲ. ಲ್ಯಾಬಿಗೆ ಬಂದು ಆ್ಯಪ್ ತೆಗೆದಾಗ ಸೇವರ್ ಅಡ್ಡ ಬರಲಿಲ್ಲ, ಆದ್ರೆ ಆಗ ತಲೆ ಮೇಲೆ ಮೂರು ಸ್ಲ್ಯಾಬ್ ಇತ್ತು. ಹೊಸದು ಸಿಗಲಿಲ್ಲ, ಇಡ್ಲಿ ತಿಂದ ಜಾಗವೇ ಹೋಯ್ತು.

ಇದನ್ನೂ ಪರೀಕ್ಷೆ ಮಾಡಿದ್ವಿ. ಅವನದೇ ಫೋನಿನಲ್ಲಿ ನಡೆದ ದಾರಿ ರೆಕಾರ್ಡ್ ಮಾಡೋ ಒಂದು ಆ್ಯಪ್ ಹಾಕಿ, ಹಾಸ್ಟೆಲಿನಿಂದ ಬ್ಲಾಕಿಗೆ ಎರಡು ಸಲ ನಡೆದ. ಸೇವರ್ ಆಫ್ ಇದ್ದಾಗ ಗೆರೆ ರಸ್ತೆಯ ತಿರುವುಗಳ ಜೊತೆಗೇ ಬಂತು. ಸೇವರ್ ಆನ್ ಮಾಡಿ ಜೇಬಿನಲ್ಲಿಟ್ಟಾಗ ಹಾಸ್ಟೆಲಲ್ಲಿ ಒಂದು ಚುಕ್ಕಿ, ಮತ್ತೆ ಬ್ಲಾಕಿನ ಮುಂದೆ ಫೋನ್ ತೆಗೆದಾಗ ಒಂದು ಚುಕ್ಕಿ, ನಡುವೆ ನೇರ ಗೆರೆ. ಆ ಗೆರೆ ಪ್ರಿನ್ಸಿಪಾಲರ ಆಫೀಸಿನ ಮೂಲಕ ಹಾದು ಹೋಗಿತ್ತು! ನಿಮ್ಮ ವಾಕಿಂಗ್ ಅಥವಾ ಸೈಕ್ಲಿಂಗ್ ಮ್ಯಾಪಿನಲ್ಲಿ ಹೀಗೆ ಗೋಡೆ ದಾಟಿದ ನೇರ ಗೆರೆ ಕಂಡ್ರೆ ಅದು ಸಿಗ್ನಲ್ ಸಮಸ್ಯೆ ಅಲ್ಲ, ಬ್ಯಾಟರಿ ಸೇವರ್ ಅಂತ ಮೊದಲು ಅನುಮಾನ ಪಡಿ. ಸಿಗ್ನಲ್ ಸಮಸ್ಯೆ ಆಗಿದ್ರೆ ಗೆರೆ ಕುಡಿದವನ ಥರ ಅಡ್ಡಾದಿಡ್ಡಿ ಹೋಗುತ್ತೆ. ಫೋನನ್ನ ಲ್ಯಾಪ್‌ಟಾಪಿಗೆ ಹಾಕಿ, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಈ ಒಂದು ಸಾಲು ಕೊಟ್ರೆ ಸೇವರ್ ಆನ್ ಇದೆಯಾ ಅಂತ ಗೊತ್ತಾಗುತ್ತೆ. ಉತ್ತರ 1 ಬಂದ್ರೆ ಆನ್ ಇದೆ.

```
adb shell settings get global low_power
```

ಈಗ ಯಾರ ತಪ್ಪು? ಬ್ಯಾಟರಿ ಉಳಿಸೋದು ಫೋನಿನ ಕೆಲಸ, ಅದು ಮಾಡಿದೆ. ತನ್ನ ಅಳತೆ ಎಷ್ಟು ಹಳೇದು, ಎಷ್ಟು ಮಸುಕು ಅಂತಲೂ ಫೋನು ಆ್ಯಪಿಗೆ ಹೇಳಿದೆ. ಪ್ರತಿ ಲೊಕೇಶನ್ನಿನ ಜೊತೆ ಈ ಎರಡೂ ಸಂಖ್ಯೆ ಬರುತ್ತೆ. ಅವನ್ನ ಕಸದ ಬುಟ್ಟಿಗೆ ಹಾಕಿ, ಅಕ್ಷಾಂಶ ರೇಖಾಂಶ ಮಾತ್ರ ಇಟ್ಕೊಂಡಿದ್ದು ಆ್ಯಪ್. ಸರಿಮಾಡೋದು ದೊಡ್ಡ ಕೆಲಸವೂ ಅಲ್ಲ. ನಮ್ಮ ಕ್ಲಾಸಿನ ಯಾರು ಬೇಕಾದ್ರೂ ಬರೀಬಹುದು:

```kotlin
val d = loc.distanceTo(block)
val ageSec = (SystemClock.elapsedRealtimeNanos() -
              loc.elapsedRealtimeNanos) / 1_000_000_000
val result = when {
    ageSec > 60              -> "UNKNOWN"
    d + loc.accuracy <= 60   -> "INSIDE"
    d - loc.accuracy > 60    -> "OUTSIDE"
    else                     -> "UNKNOWN"
}
```

ಇದರಲ್ಲಿ ಮುಖ್ಯವಾದದ್ದು ಮೂರನೇ ಉತ್ತರ, "ಗೊತ್ತಿಲ್ಲ". ನನ್ನ ರೀಡಿಂಗ್ ಹಾಕಿ ನೋಡಿ. 71ಕ್ಕೆ 48 ಕೂಡಿಸಿದ್ರೆ 119, ಖಂಡಿತ ಒಳಗೆ ಅನ್ನೋಕಾಗಲ್ಲ. 71ರಲ್ಲಿ 48 ಕಳೆದ್ರೆ 23, ಖಂಡಿತ ಹೊರಗೆ ಅನ್ನೋಕೂ ಆಗಲ್ಲ. ಉತ್ತರ, ಗೊತ್ತಿಲ್ಲ. ರೂಮ್‌ಮೇಟಿನದು 44 ನಿಮಿಷ ಹಳೇದು, ಮೊದಲ ಸಾಲಿನಲ್ಲೇ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬಂದವರನ್ನ ಮೇಡಂ ಒಂದ್ಸಲ ತಲೆ ಎತ್ತಿ ನೋಡಿ ಟಿಕ್ ಹಾಕಿದ್ರೆ ಆಯ್ತು. ಇಪ್ಪತ್ತು ಜನರಲ್ಲಿ ನಾಲ್ಕು ಜನ, ಅರ್ಧ ನಿಮಿಷದ ಕೆಲಸ. 68 ಪರ್ಸೆಂಟ್ ಸಾಲದು ಅನ್ನೋರು ಆ್ಯಕ್ಯುರಸಿಯನ್ನ ಎರಡರಿಂದ ಗುಣಿಸಿಕೊಳ್ಳಲಿ, ಇನ್ನೂ ಒಳ್ಳೇದು.

ಇದಕ್ಕೆ ಒಂದು ವಾದ ಬರುತ್ತೆ, ಬಂದಿದೆ ಕೂಡ. "ಸಡಿಲ ಬಿಟ್ರೆ ನೀವು ಪ್ರಾಕ್ಸಿ ಹಾಕ್ತೀರಿ." ಪ್ರಾಕ್ಸಿ ಹಾಕೋರು ಇದ್ದಾರೆ, ಇಲ್ಲ ಅನ್ನಲ್ಲ. ಆದ್ರೆ ಈಗಿನ ನಿಯಮ ಯಾರನ್ನ ಹಿಡೀತಿದೆ ನೋಡಿ. ಬ್ಲಾಕಿನ ಪಕ್ಕದ ಕ್ಯಾಂಟೀನು ಮಧ್ಯಬಿಂದುವಿನಿಂದ 50 ಮೀಟರ್ ಒಳಗಿದೆ. ಅಲ್ಲಿ ತೆರೆದ ಜಾಗ, ಆಕಾಶ ಚೆನ್ನಾಗಿ ಕಾಣುತ್ತೆ, ಆ್ಯಕ್ಯುರಸಿ ನಾಲ್ಕೈದು ಮೀಟರ್. ಅಲ್ಲಿ ಕೂತು ಟೀ ಕುಡಿಯೋನಿಗೆ ಪ್ರತಿ ಸಲವೂ ಹಾಜರಿ ಬೀಳುತ್ತೆ. ಮೂರನೇ ಮಹಡಿಯಲ್ಲಿ ಫ್ರೆಂಡ್ಸ್ ಜೊತೆ ಹರಟೆ ಹೊಡೆಯೋನಿಗೂ ಬೀಳುತ್ತೆ, ಯಾಕಂದ್ರೆ ಈ ನಿಯಮ ಮಹಡಿಯನ್ನ ನೋಡೋದೇ ಇಲ್ಲ. ನೋಡಿದ್ರೂ ಪ್ರಯೋಜನ ಕಮ್ಮಿ, ಎತ್ತರದ ವಿಷಯದಲ್ಲಿ ಜಿಪಿಎಸ್ ಇನ್ನೂ ಕಚ್ಚಾ. ಮೂರು ಸ್ಲ್ಯಾಬ್ ಕೆಳಗೆ ಮೋಟಾರಿಗೆ ವೈರ್ ಕಟ್ತಿರೋನಿಗೆ ಮಾತ್ರ ಬೀಳಲ್ಲ. ಲ್ಯಾಬಿಗೆ ಹೋದವನಿಗೆ ಶಿಕ್ಷೆ, ಕ್ಯಾಂಟೀನಿಗೆ ಹೋದವನಿಗೆ ಬಹುಮಾನ!

ಅದಕ್ಕೇ ನನ್ನ ಅಭಿಪ್ರಾಯ ಇದು. ಕ್ಯಾಂಪಸ್ಸಿನೊಳಗೆ ಇದ್ದಾರೋ ಇಲ್ವೋ ಅಂತ ನೋಡೋಕೆ ಲೊಕೇಶನ್ ಸಾಕು, ಅಷ್ಟು ದೂರದ ಪ್ರಶ್ನೆಗೆ ಅದು ಸರಿಯಾಗಿ ಉತ್ತರಿಸುತ್ತೆ. ಯಾವ ರೂಮಿನಲ್ಲಿದ್ದಾರೆ ಅನ್ನೋ ಪ್ರಶ್ನೆಯನ್ನ ಫೋನಿನ ಜಿಪಿಎಸ್ಸಿಗೆ ಕೇಳಲೇಬಾರದು. ಬೋರ್ಡಿನ ಮೇಲೆ ಕೆಲವು ಸೆಕೆಂಡಿಗೊಮ್ಮೆ ಬದಲಾಗೋ ಕ್ಯೂಆರ್ ಕೋಡ್ ತೋರಿಸಿ, ಅಥವಾ ಹಳೇ ರಿಜಿಸ್ಟರಿನಲ್ಲಿ ನಂಬರ್ ಕೂಗಿ. ಆ್ಯಪೇ ಬೇಕು ಅಂತಾದ್ರೆ "ಗೊತ್ತಿಲ್ಲ" ಅನ್ನೋ ಉತ್ತರವನ್ನ ಅದಕ್ಕೆ ಕಲಿಸಿ, ಮತ್ತೆ ವಿದ್ಯಾರ್ಥಿಗೆ ಅವನ ರೆಕಾರ್ಡಿನ ಸಮಯ, ಆ್ಯಕ್ಯುರಸಿ ಎರಡನ್ನೂ ತೋರಿಸಿ. ರೂಮ್‌ಮೇಟಿಗೆ ನ್ಯಾಯ ಸಿಕ್ಕಿದ್ದು ಆ ಒಂದು ಕಾಲಂ ಕಂಡಿದ್ದರಿಂದ. ಅದು ಕಾಣದಿದ್ರೆ ಇವತ್ತಿಗೂ ಅವನು ಹಾಸ್ಟೆಲಲ್ಲಿ ಮಲಗಿದ್ದವನೇ.

ಆ ದಿನದ ಆಬ್ಸೆಂಟನ್ನ ಸರ್ ಸರಿಮಾಡಿಕೊಟ್ರು. ಆದ್ರೆ ನಿಯಮ ಇನ್ನೂ ಹಾಗೇ ಇದೆ. ನಾವು ಅಳೆದ ಲೆಕ್ಕವನ್ನೆಲ್ಲ ಎರಡು ಪುಟದಲ್ಲಿ ಬರೆದು ಎಚ್‌ಒಡಿ ಟೇಬಲ್ ಮೇಲೆ ಇಟ್ಟು ಬಂದಿದ್ದೀವಿ. ಅಲ್ಲಿ ತನಕ ಕೆಳಗಿನ ಮಹಡಿಯಲ್ಲಿ ಲ್ಯಾಬ್ ಇರೋರು ಹೀಗೆ ಮಾಡಿ. ಹಾಸ್ಟೆಲಿಂದ ಹೊರಡುವಾಗ ಬ್ಯಾಟರಿ ಸೇವರ್ ಆಫ್ ಮಾಡಿ, ವೈಫೈ ಸ್ಕ್ಯಾನಿಂಗ್ ಆನ್ ಇರಲಿ, ಬ್ಲಾಕಿನ ಬಾಗಿಲಲ್ಲಿ ಒಳಗೆ ಹೋಗೋಕೆ ಮುಂಚೆ ಒಂದ್ಸಲ ಮ್ಯಾಪ್ ತೆಗೆದು ನೀಲಿ ವೃತ್ತ ಚಿಕ್ಕದಾಗೋ ತನಕ ಕಾಯಿರಿ. ಆಮೇಲೆ ಲ್ಯಾಬಿನೊಳಗೆ ಹೊಸ ಲೊಕೇಶನ್ ಸಿಗದೇ ಹೋದ್ರೂ, ಫೋನು ನೆನಪಿಟ್ಟುಕೊಂಡಿರೋದು ಬ್ಲಾಕಿನ ಬಾಗಿಲನ್ನ, ಮೆಸ್ಸನ್ನಲ್ಲ. ಆದ್ರೂ ಆಬ್ಸೆಂಟ್ ಬಂದ್ರೆ ಸ್ಕ್ರೀನ್‌ಶಾಟ್ ತೆಗೆದು ಅದೇ ದಿನ ಆಫೀಸಿಗೆ ಹೋಗಿ, ಲೊಕೇಶನ್ ತೆಗೆದ ಸಮಯ ಎಷ್ಟು ಅಂತ ಕೇಳಿ.

ಸಿಆರ್ ಮಾತ್ರ ಇನ್ನೂ ಎಂಟು ಬರೀತಾನೆ. ಬರೀಲಿ. ಕಾರಿಡಾರಿಗೆ ಬಂದು ಬರೀತಾನಲ್ಲ, ಅವನಿಗೆ ಹಾಜರಿ ಬೀಳುತ್ತೆ.